ನೈಟ್ ಲೈಟ್ ನೂರಕ್ಕೆ ಇಟ್ಟರೂ ಕಣ್ಣುರಿ ಹೋಗುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಶರಣು, ಗಂಗಾವತಿ (ಸೋಮವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 44. ಬೆಳಿಗ್ಗೆ 9ಕ್ಕೆ ಕಂಪ್ಯೂಟರ್ ಮುಂದೆ ಕೂತರೆ ಏಳುವುದು ರಾತ್ರಿ 8ಕ್ಕೆ. ಭತ್ತ ಬರುವ ಕಾಲದಲ್ಲಿ 10 ಆಗುವುದೂ ಉಂಟು. ಅರ್ಧ ದಿನ ಟ್ಯಾಲಿ, ಅರ್ಧ ದಿನ ಎಕ್ಸೆಲ್.

ಎರಡು ತಿಂಗಳಿಂದ ಸಂಜೆ 4ರ ಹೊತ್ತಿಗೆ ಕಣ್ಣು ಉರಿಯುತ್ತವೆ. ಮರಳು ಬಿದ್ದ ಹಾಗೆ ಚುಚ್ಚುತ್ತವೆ. 6 ಗಂಟೆಗೆ ಹಣೆ ನೋವು ಶುರು. ಒಬ್ಬರು ವಿಂಡೋಸ್‌ನಲ್ಲಿ ನೈಟ್ ಲೈಟ್ ಹಾಕು ಎಂದರು. ಹಾಕಿ, `Strength` ಪೂರ್ತಿ 100ಕ್ಕೆ ಇಟ್ಟು, ಹಗಲೂ ರಾತ್ರಿ ಬಿಟ್ಟಿದ್ದೇನೆ. ಪರದೆ ಕಿತ್ತಳೆ ಹಣ್ಣಿನ ಹಾಗೆ ಆಗಿದೆ. ಕಣ್ಣುರಿ ಮಾತ್ರ ಇದ್ದಲ್ಲೇ ಇದೆ. ಇನ್ನೂ ಜಾಸ್ತಿ ಆಗಿದೆ ಅನ್ನಿಸುತ್ತದೆ.

ಹೋದ ವಾರ ನೈಟ್ ಲೈಟ್ ಒಮ್ಮೆ ಆಫ್ ಮಾಡಿ, `Contrast themes` ನಲ್ಲಿ Aquatic ಹಾಕಿ ನೋಡಿದೆ. ಎಕ್ಸೆಲ್ ತೆರೆದಾಗ ಎದೆ ಧಸಕ್ಕೆಂದಿತು. ದುಡ್ಡು ಬರಬೇಕಾದ ಪಾರ್ಟಿಗಳ ಸಾಲುಗಳಿಗೆ ಹಳದಿ ಬಣ್ಣ ತುಂಬಿ ಇಟ್ಟಿದ್ದೆ. ಮೂರು ವರ್ಷದ ಗುರುತು. ಒಂದೂ ಇಲ್ಲ! ಫೈಲೇ ಕೆಟ್ಟಿತೆಂದು ಹೆದರಿ ತಕ್ಷಣ ಥೀಮ್ ತೆಗೆದೆ, ಬಣ್ಣ ವಾಪಸ್ ಬಂತು. ಮತ್ತೆ ಮುಟ್ಟುವ ಧೈರ್ಯ ಬಂದಿಲ್ಲ.

ಕಲರ್ ಫಿಲ್ಟರ್ ಅಂತ ಇನ್ನೊಂದು ಇದೆಯಲ್ಲ, ಅದರಲ್ಲಿ ಯಾವುದು ಹಾಕಿದರೆ ಕಣ್ಣಿಗೆ ಆರಾಮ? ವಿಂಡೋಸ್ 11, ಡೆಸ್ಕ್‌ಟಾಪ್.

---

ಮಂಜು, ಬಳ್ಳಾರಿ (ಸೋಮವಾರ ರಾತ್ರಿ 10:05)

ಅಣ್ಣಾ, ಇದೆಲ್ಲ ನೀಲಿ ಬೆಳಕಿನ ಕಾಟ. ಪರದೆಯ ನೀಲಿ ಬೆಳಕು ಕಣ್ಣಿನ ಒಳಗಿನ ಪರದೆಯನ್ನೇ ಸುಡುತ್ತದೆ. ನೈಟ್ ಲೈಟ್ ತೆಗೆಯಬೇಡಿ, 100ರಲ್ಲೇ ಇರಲಿ. ಅದರ ಜೊತೆ ಬ್ಲೂ ಕಟ್ ಕನ್ನಡಕವನ್ನೂ ಹಾಕಿ. ನಾನು ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮಾಡುವವನು. ರಾತ್ರಿ ನೈಟ್ ಲೈಟ್ ಹಾಕಿದ ಮೇಲೆ ಮನೆಗೆ ಹೋದರೆ ನಿದ್ದೆ ಚೆನ್ನಾಗಿ ಬರುತ್ತದೆ. ನನಗೆ ಅನುಭವ ಇದೆ.

---

ಹನುಮೇಶ, ಸಿಂಧನೂರು (ಸೋಮವಾರ ರಾತ್ರಿ 10:20)

ಶರಣು ಅವರೇ, ನಿಮ್ಮ ಬಣ್ಣ ವಾಪಸ್ ಬಂತಲ್ಲ, ಪುಣ್ಯ ಮಾಡಿದ್ದೀರಿ. ನನ್ನದು ಹೋಗಿ 20 ದಿನ ಆಯಿತು. ನಾನು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟಿದ್ದೇನೆ. ಒಂದು ದಿನ ಇದ್ದಕ್ಕಿದ್ದಂತೆ ಪರದೆ ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿ ಆಗಿಬಿಟ್ಟಿತು. ರಿಪೇರಿಯವರನ್ನು ಕರೆಸಿದೆ. ಮಾನಿಟರ್ ಹೋಗಿದೆ, ಬದಲಿಸಿ ಎಂದರು. 3,500 ಕೊಟ್ಟು ಸೆಕೆಂಡ್ ಹ್ಯಾಂಡ್ ಮಾನಿಟರ್ ತಂದೆ. ಅದೂ ಕಪ್ಪು ಬಿಳುಪು! ಈಗ ಗ್ರಾಫಿಕ್ ಕಾರ್ಡ್ ಹಾಕಿಸಿ ಅನ್ನುತ್ತಿದ್ದಾರೆ. ಫೋಟೋ ಅಪ್‌ಲೋಡ್ ಮಾಡುವಾಗ ಹಿಂದಿನ ಬಣ್ಣ ಬಿಳಿಯೋ ನೀಲಿಯೋ ಗೊತ್ತಾಗುತ್ತಿಲ್ಲ. ಇದಕ್ಕೂ ಕಣ್ಣಿಗೂ ಸಂಬಂಧ ಇದೆಯೇ?

---

ರೇಷ್ಮಾ, ರಾಯಚೂರು (ಮಂಗಳವಾರ ಬೆಳಿಗ್ಗೆ 6:50)

ಹನುಮೇಶ ಅಣ್ಣಾ, ದಯವಿಟ್ಟು ಇನ್ನೊಂದು ರೂಪಾಯಿ ಖರ್ಚು ಮಾಡಬೇಡಿ. ಕೀಬೋರ್ಡ್‌ನಲ್ಲಿ Windows, Ctrl, C ಮೂರನ್ನೂ ಒಟ್ಟಿಗೆ ಒತ್ತಿ. ಬಣ್ಣ ಬರಬೇಕು. ಬರದಿದ್ದರೆ `Settings > Accessibility > Color filters` ಗೆ ಹೋಗಿ ಆಫ್ ಮಾಡಿ. ವಿಂಡೋಸ್ 10 ಆದರೆ `Accessibility` ಜಾಗದಲ್ಲಿ `Ease of Access` ಎಂದಿರುತ್ತದೆ. ಕಾಪಿ ಮಾಡಲು Ctrl + C ಒತ್ತುವಾಗ ಬೆರಳು ಪಕ್ಕದ Windows ಕೀಗೂ ತಾಗಿದರೆ ಹೀಗಾಗುತ್ತದೆ. ನನ್ನ ಹತ್ತಿರ ಇಂಥ ಕೇಸ್ ತುಂಬಾ ಬಂದಿವೆ.

ಶರಣು ಅಣ್ಣಾ, ನಿಮಗೆ ಬಂದಿರುವುದು ಬೇರೆ ತೊಂದರೆ. ನಾನು ದೃಷ್ಟಿ ಮಂದ ಇರುವ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಈ ಮೂರೂ ಸೆಟ್ಟಿಂಗ್ ನನಗೆ ದಿನಾ ಬೇಕು. ಮೂರಕ್ಕೂ ಕೆಲಸ ಬೇರೆ ಬೇರೆ. ನೀವು ಮೂರನ್ನೂ ಒಂದೇ ಕಾಯಿಲೆಯ ಮೂರು ಮಾತ್ರೆ ಎಂದುಕೊಂಡಿದ್ದೀರಿ ಅನ್ನಿಸುತ್ತದೆ.

ಕಲರ್ ಫಿಲ್ಟರ್ ಇರುವುದು ಬಣ್ಣ ಗುರುತಿಸಲು ಕಷ್ಟವಾಗುವವರಿಗೆ. ಕೆಂಪು ಹಸಿರು ಒಂದೇ ಥರ ಕಾಣುವವರಿಗೆ ಅದು ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ನಿಮಗೆ ಆ ತೊಂದರೆ ಇಲ್ಲದಿದ್ದರೆ ಅದನ್ನು ಮುಟ್ಟುವುದೇ ಬೇಡ. ಅದರಲ್ಲಿ `Grayscale` ಹಾಕಿದರೂ ಬಿಳಿ ಬಿಳಿಯಾಗಿಯೇ ಇರುತ್ತದೆ. ಬೆಳಕು ಚೂರೂ ಕಡಿಮೆ ಆಗುವುದಿಲ್ಲ.

ಉಳಿದದ್ದು ಹೇಳುವ ಮೊದಲು ನಾಲ್ಕು ವಿಷಯ ಬೇಕು. ಮಾನಿಟರ್‌ನ ಬ್ರೈಟ್‌ನೆಸ್ ಎಷ್ಟಿದೆ? ಕಿಟಕಿ ಯಾವ ದಿಕ್ಕಿಗಿದೆ? ಫ್ಯಾನ್ ಅಥವಾ ಕೂಲರ್ ಎಲ್ಲಿದೆ? ಕನ್ನಡಕ ಇದೆಯೇ?

---

ಶರಣು, ಗಂಗಾವತಿ (ಮಂಗಳವಾರ ಮಧ್ಯಾಹ್ನ 1:15)

ಅಕ್ಕಾ, ಊಟಕ್ಕೆ ಎದ್ದಾಗ ಎಲ್ಲ ನೋಡಿ ಬಂದೆ. ವಿಂಡೋಸ್‌ನಲ್ಲಿ ಬ್ರೈಟ್‌ನೆಸ್ ಜರುಗಿಸುವ ಪಟ್ಟಿಯೇ ಕಾಣಲಿಲ್ಲ. ಮಾನಿಟರ್‌ನ ಕೆಳಗಿನ ಗುಂಡಿ ಒತ್ತಿದಾಗ 100 ಎಂದು ತೋರಿಸಿತು. ತಂದ ದಿನದಿಂದ ಹಾಗೇ ಇರಬೇಕು. ಕಿಟಕಿ ನನ್ನ ಬೆನ್ನ ಹಿಂದೆ, ಪಶ್ಚಿಮಕ್ಕೆ. ಸಂಜೆ ಬಿಸಿಲು ನೇರ ಪರದೆ ಮೇಲೆ ಬೀಳುತ್ತದೆ. ಕೂಲರ್ ಎಡಗಡೆ ಇದೆ, ಗಾಳಿ ಮುಖಕ್ಕೇ ಬರುತ್ತದೆ. ಈ ಸೆಕೆಗೆ ಅದಿಲ್ಲದೆ ಆಗುವುದಿಲ್ಲ. ಕನ್ನಡಕ ಇದೆ, ಕೆಳಗೆ ಅರ್ಧಚಂದ್ರದ ಗೆರೆ ಇರುವ ಬೈಫೋಕಲ್.

---

ರೇಷ್ಮಾ, ರಾಯಚೂರು (ಮಂಗಳವಾರ ರಾತ್ರಿ 8:30)

ಸರಿ, ಈಗ ಚಿತ್ರ ಸಿಕ್ಕಿತು. ಮೊದಲು ಹಳದಿ ಸಾಲುಗಳ ವಿಷಯ ಹೇಳುತ್ತೇನೆ. ನಿಮ್ಮ ಕಷ್ಟದ ಒಂದು ದೊಡ್ಡ ಪಾಲು ಅಲ್ಲೇ ಇದೆ.

ಪರದೆಯಲ್ಲಿ ಪ್ರತಿ ಚುಕ್ಕಿಯೂ ಕೆಂಪು, ಹಸಿರು, ನೀಲಿ ಮೂರು ಬೆಳಕಿನಿಂದ ಆಗುತ್ತದೆ. ಮೂರೂ ಉರಿದರೆ ಬಿಳಿ. ಕೆಂಪು, ಹಸಿರು ಉರಿದು ನೀಲಿ ಆರಿದ್ದರೆ ಹಳದಿ. ನೈಟ್ ಲೈಟ್ ಮುಖ್ಯವಾಗಿ ಕಡಿಮೆ ಮಾಡುವುದು ನೀಲಿಯನ್ನೇ. 100ಕ್ಕೆ ಇಟ್ಟರೆ ನೀಲಿ ಹೆಚ್ಚುಕಡಿಮೆ ಹೋಗಿಯೇ ಬಿಡುತ್ತದೆ. ಆಗ ಬಿಳಿ ಸಾಲಿಗೂ ಹಳದಿ ಸಾಲಿಗೂ ಏನು ವ್ಯತ್ಯಾಸ ಉಳಿಯಿತು ಹೇಳಿ? ಎರಡೂ ಒಂದೇ ಕಿತ್ತಳೆ. ನೀವು ದಿನವಿಡೀ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಇದು ಬಾಕಿ ಸಾಲೋ ಅಲ್ಲವೋ ಎಂದು ಹುಡುಕುತ್ತಿರಬೇಕು. ನಾಳೆ ಎಕ್ಸೆಲ್ ತೆರೆದಿಟ್ಟು `Strength` ಅನ್ನು 100ರಿಂದ ನಿಧಾನವಾಗಿ ಕೆಳಗೆ ಎಳೆಯಿರಿ. ಒಂದು ಹಂತದಲ್ಲಿ ಹಳದಿ ಬೇರೆಯಾಗಿ ಎದ್ದು ಬರುತ್ತದೆ. ಅಲ್ಲಿಂದ ಮೇಲೆ ಹೋಗಬೇಡಿ.

Aquatic ಹಾಕಿದಾಗ ಬಣ್ಣ ಹೋದದ್ದಕ್ಕೆ ಕಾರಣ ಬೇರೆ. ಕಾಂಟ್ರಾಸ್ಟ್ ಥೀಮ್ ಇರುವುದು ಅಕ್ಷರ ಕಾಣುವುದೇ ಕಷ್ಟ ಇರುವವರಿಗೆ. ಅದು ಎಲ್ಲ ಬಣ್ಣ ಕಿತ್ತುಹಾಕಿ ಕೆಲವೇ ಬಣ್ಣದಲ್ಲಿ ಪರದೆ ಬರೆಯುತ್ತದೆ. ಹಿನ್ನೆಲೆಗೆ ಒಂದು, ಅಕ್ಷರಕ್ಕೆ ಒಂದು, ಲಿಂಕ್‌ಗೆ ಒಂದು, ಹೀಗೆ. ನೀವು ಎಕ್ಸೆಲ್‌ನಲ್ಲಿ ತುಂಬಿದ ಹಳದಿ ಅದರ ಪಟ್ಟಿಯಲ್ಲಿ ಇಲ್ಲ. ಅದಕ್ಕೇ ತೋರಿಸುವುದಿಲ್ಲ. ಫೈಲಿಗೆ ಏನೂ ಆಗಿರುವುದಿಲ್ಲ. ಹೆದರಿ ಮತ್ತೆ ಬಣ್ಣ ಹಚ್ಚಲು ಹೋಗದೆ ಥೀಮ್ ತೆಗೆದಿರಲ್ಲ, ಒಳ್ಳೆಯದೇ ಮಾಡಿದಿರಿ.

ಇನ್ನೊಂದು ಮಾತು. ಬರೀ ಬಣ್ಣವನ್ನೇ ಗುರುತಾಗಿ ಇಟ್ಟುಕೊಳ್ಳಬೇಡಿ. ಪಕ್ಕದಲ್ಲಿ ಒಂದು ಕಾಲಮ್ ಹಾಕಿ "ಬಾಕಿ" ಎಂದು ಬರೆಯಿರಿ. ಆಮೇಲೆ ಯಾವ ಥೀಮ್ ಹಾಕಿದರೂ ಅದು ಹೋಗುವುದಿಲ್ಲ, ಫಿಲ್ಟರ್ ಹಾಕಿ ಬಾಕಿ ಸಾಲು ಮಾತ್ರ ತೆಗೆದು ನೋಡಲೂ ಬರುತ್ತದೆ.

ಮಂಜು ಅಣ್ಣಾ, ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ. ಮಲಗುವ ಮುಂಚೆ ನೀಲಿ ಬೆಳಕು ಜಾಸ್ತಿ ಬಿದ್ದರೆ ನಿದ್ದೆ ತಡವಾಗಬಹುದು. ವಿಂಡೋಸ್ 10ರಲ್ಲಿ 2017ರಲ್ಲಿ ನೈಟ್ ಲೈಟ್ ಬಂದದ್ದೂ ಆ ಲೆಕ್ಕದಲ್ಲೇ, ಅದರ ಹೆಸರೇ ಹೇಳುತ್ತದೆ. ಆದರೆ ಪರದೆಯ ನೀಲಿ ಬೆಳಕು ಕಣ್ಣು ಸುಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಎಂದು ಅಮೆರಿಕದ ಕಣ್ಣಿನ ವೈದ್ಯರ ಅಕಾಡೆಮಿಯೇ ಹೇಳಿದೆ. ನಮ್ಮ ರಾಯಚೂರಿನ ಹಗಲು ಹೊರಗೆ ನಿಂತರೆ ಬೀಳುವ ನೀಲಿ ಬೆಳಕಿನ ಮುಂದೆ ಮಾನಿಟರ್‌ನದು ಏನೂ ಅಲ್ಲ. ಬ್ಲೂ ಕಟ್ ಕನ್ನಡಕದ ಬಗ್ಗೆ 2023ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಕಂಪ್ಯೂಟರ್ ಕೆಲಸದ ಕಣ್ಣಿನ ದಣಿವಿಗೆ ಮಾಮೂಲಿ ಗಾಜಿಗಿಂತ ಹೆಚ್ಚಿನ ಲಾಭ ಅವರಿಗೆ ಕಾಣಲಿಲ್ಲ.

---

ಮಂಜು, ಬಳ್ಳಾರಿ (ಮಂಗಳವಾರ ರಾತ್ರಿ 9:10)

ಅಕ್ಕಾ, ಆಧಾರ ಇಲ್ಲ ಅಂದರೆ ತೊಂದರೆ ಇಲ್ಲ ಅಂತ ಅರ್ಥವೇ? ನಾನು 2,000 ಕೊಟ್ಟು ಆ ಕನ್ನಡಕ ಮಾಡಿಸಿದ್ದೇನೆ. ಹಾಕಿದ ದಿನದಿಂದ ಕಣ್ಣುರಿ ಕಡಿಮೆ ಆಗಿದೆ.

---

ರೇಷ್ಮಾ, ರಾಯಚೂರು (ಮಂಗಳವಾರ ರಾತ್ರಿ 9:25)

ನಿಮಗೆ ಕಡಿಮೆ ಆಗಿದ್ದರೆ ನನಗೂ ಸಂತೋಷ, ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅದರ ಜೊತೆ ನಿಮ್ಮ ಪವರ್ ಹೊಸದಾಗಿ ನೋಡಿಸಿದಿರಾ? ಹಾಗಿದ್ದರೆ ಆರಾಮ ಕೊಟ್ಟದ್ದು ಹೊಸ ಪವರ್ ಇರಬಹುದು.

---

ಮಂಜು, ಬಳ್ಳಾರಿ (ಮಂಗಳವಾರ ರಾತ್ರಿ 9:31)

ನೋಡಿಸಿದ್ದೆ. 0.75 ಬಂದಿತ್ತು. ಅದಕ್ಕೂ ಮುಂಚೆ ಕನ್ನಡಕವೇ ಇರಲಿಲ್ಲ.

---

ಸಾದಿಕ್, ಬಳ್ಳಾರಿ (ಮಂಗಳವಾರ ರಾತ್ರಿ 10:00)

ನೈಟ್ ಲೈಟ್ ಬಗ್ಗೆ ನನ್ನದೂ ಒಂದು ಸೇರಿಸುತ್ತೇನೆ, ಬಣ್ಣದ ಕೆಲಸ ಮಾಡುವವರು ದಯವಿಟ್ಟು ಓದಿ. ನಾನು ಜೀನ್ಸ್ ಪ್ಯಾಂಟಿಗೆ ಹಾಕುವ ಟ್ಯಾಗ್, ಲೇಬಲ್ ಡಿಸೈನ್ ಮಾಡುತ್ತೇನೆ. ನೈಟ್ ಲೈಟ್ ಅನ್ನು `Sunset to sunrise` ಗೆ ಇಟ್ಟಿದ್ದೆ. ಸೂರ್ಯ ಮುಳುಗಿದ ಮೇಲೆ ತಾನಾಗಿ ಬರುತ್ತದೆ. ನಿಧಾನಕ್ಕೆ ಬರುವುದರಿಂದ ಬಂದದ್ದೂ ಗೊತ್ತಾಗುವುದಿಲ್ಲ. ಒಂದು ಸಂಜೆ 7 ಗಂಟೆಗೆ ಟ್ಯಾಗ್‌ನ ನೀಲಿ ಮಂಕಾಗಿ ಕಂಡಿತು. ಇನ್ನಷ್ಟು ನೀಲಿ ಏರಿಸಿ ಪ್ರಿಂಟಿಗೆ ಕಳಿಸಿದೆ. ಬೆಳಿಗ್ಗೆ 5,000 ಟ್ಯಾಗ್ ಬಂದವು, ಕಣ್ಣು ಕುಕ್ಕುವ ನೀಲಿ.

ನನಗೆ ಆಗ ಅರ್ಥ ಆಗದೇ ಇದ್ದದ್ದು ಇದು. ನೈಟ್ ಲೈಟ್ ಕೇವಲ ಪರದೆಗೆ ಹೋಗುವ ಬೆಳಕನ್ನು ಬದಲಿಸುತ್ತದೆ, ಫೈಲಿನ ಬಣ್ಣವನ್ನಲ್ಲ. ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೆ ಕಳಿಸಿದರೆ ಅವರಿಗೆ ಹಳದಿ ಛಾಯೆ ಇಲ್ಲದೆ ಸರಿಯಾಗಿಯೇ ಕಾಣುತ್ತದೆ. ಈಗ ನಾನು ಬಣ್ಣ ಒಪ್ಪುವ ಕೆಲಸ ಹಗಲೇ ಮುಗಿಸುತ್ತೇನೆ. ಸಂಜೆ ಮಾಡಲೇಬೇಕಾದರೆ Windows + A ಒತ್ತಿ ಅಲ್ಲೇ ನೈಟ್ ಲೈಟ್ ಆಫ್.

ನಮ್ಮ ಯೂನಿಟ್‌ನಲ್ಲಿ ಸ್ಟಾಕ್ ನೋಡುವ ಹುಡುಗನಿಗೆ ಕೆಂಪು ಹಸಿರು ಸರಿಯಾಗಿ ಬೇರೆ ಕಾಣುವುದಿಲ್ಲ. ಅವನು ರೇಷ್ಮಾ ಅಕ್ಕ ಹೇಳಿದ ಕಲರ್ ಫಿಲ್ಟರ್‌ನಲ್ಲಿ `Red-green` ಎಂದಿರುವ ಎರಡನ್ನೂ ಹಾಕಿ ನೋಡಿ, ಹಸಿರು ದುರ್ಬಲ ಇರುವವರದ್ದನ್ನು ಇಟ್ಟುಕೊಂಡ. ಶೀಟಿನಲ್ಲಿ ಮಾಲು ಮುಗಿದ ಕೆಂಪು ಸಾಲು ಈಗ ಅವನಿಗೆ ಬೇರೆಯಾಗಿ ಗೊತ್ತಾಗುತ್ತದೆ. ಆದರೆ ಆ ಪರದೆ ಮುಂದೆ ನಾನು ಕೂತರೆ ನನಗೆ ಎಲ್ಲ ವಿಚಿತ್ರ ಬಣ್ಣ.

---

ಹನುಮೇಶ, ಸಿಂಧನೂರು (ಬುಧವಾರ ಬೆಳಿಗ್ಗೆ 9:05)

ರೇಷ್ಮಾ ತಂಗೀ, ನಿನ್ನ ಕೈಗೆ ಸಕ್ಕರೆ ಹಾಕಬೇಕು! ಮೂರು ಕೀ ಒತ್ತಿದೆ, ಬಣ್ಣ ಬಂತು. ಅಂಗಡಿಯಲ್ಲಿ ಕೂತಿದ್ದವರೆಲ್ಲ ಎದ್ದು ನೋಡಿದರು. ಮತ್ತೆ ಒತ್ತಿದೆ, ಹೋಯಿತು. ಮತ್ತೆ ಒತ್ತಿದೆ, ಬಂತು. 20 ದಿನ ಮತ್ತು 3,500 ರೂಪಾಯಿ. ಈಗ ಇದು ಮತ್ತೆ ಆಗದ ಹಾಗೆ ಏನು ಮಾಡಲಿ?

---

ರೇಷ್ಮಾ, ರಾಯಚೂರು (ಬುಧವಾರ ಬೆಳಿಗ್ಗೆ 9:40)

ಅದೇ `Color filters` ಪುಟದಲ್ಲಿ `Keyboard shortcut for color filters` ಎಂದು ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿ. ಆಮೇಲೆ ಬೆರಳು ತಾಗಿದರೂ ಏನೂ ಆಗುವುದಿಲ್ಲ.

ಇನ್ನೊಂದು ಇಂಥದ್ದೇ ಇದೆ, ಈಗಲೇ ಹೇಳಿಬಿಡುತ್ತೇನೆ. ಎಡಗಡೆ Alt, ಎಡಗಡೆ Shift, ಮತ್ತು PrtSc ಒಟ್ಟಿಗೆ ಒತ್ತಿದರೆ ಕಾಂಟ್ರಾಸ್ಟ್ ಥೀಮ್ ಬರುತ್ತದೆ. ಅದು ಬರುವ ಮುಂಚೆ ಹಾಕಲೇ ಎಂದು ಕೇಳುತ್ತದೆ. ಓದದೆ Yes ಒತ್ತಿದರೆ ಪರದೆ ಪೂರ್ತಿ ಕಪ್ಪಾಗಿ ಗಿರಾಕಿ ಗಾಬರಿ ಆಗುತ್ತಾರೆ. ಅದೇ ಮೂರು ಕೀ ಮತ್ತೆ ಒತ್ತಿದರೆ ಹೋಗುತ್ತದೆ.

---

ವಿಜಯಲಕ್ಷ್ಮಿ, ಕೊಪ್ಪಳ (ಬುಧವಾರ ಮಧ್ಯಾಹ್ನ 3:20)

ನಾನು ಡಿಟಿಪಿ ಮಾಡುವವಳು. ಇಡೀ ದಿನ ಕನ್ನಡ ಟೈಪಿಂಗ್. ಕಪ್ಪು ಹಿನ್ನೆಲೆ ಕಣ್ಣಿಗೆ ತಂಪು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಚೂರೂ ಹಿಡಿಸಲಿಲ್ಲ. ಕಪ್ಪಿನ ಮೇಲೆ ಬಿಳಿ ಅಕ್ಷರ ಹಾಕಿದರೆ ಅಂಚು ಹರಡಿಕೊಂಡು, ಅಕ್ಷರಕ್ಕೆ ಮಂಜು ಕವಿದ ಹಾಗೆ ಕಾಣುತ್ತಿತ್ತು. ಇಂಗ್ಲಿಷ್ ಹೇಗೋ ಓದಬಹುದು. ಕನ್ನಡದ ಒತ್ತಕ್ಷರ ಚಿಕ್ಕದು ನೋಡಿ, ನನ್ನ ಹೆಸರಿನ "ಕ್ಷ್ಮಿ" ಬರೀ ಬಿಳಿ ಗಂಟಾಗಿ ಕಾಣುತ್ತಿತ್ತು. "ಪುತ್ರ", "ಪುತ್ತ" ವ್ಯತ್ಯಾಸ ತಿಳಿಯದೆ ಒಂದು ಲಗ್ನಪತ್ರಿಕೆ ತಪ್ಪಾಗುವುದರಲ್ಲಿತ್ತು, ಪ್ರೂಫ್‌ನಲ್ಲಿ ಸಿಕ್ಕಿತು.

ಕಣ್ಣಿನ ಡಾಕ್ಟರ್ ಹೇಳಿದರು, ನಿಮಗೆ ಸಿಲಿಂಡರ್ ಪವರ್ ಇದೆ, ಅಂದರೆ ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಒಂದೇ ಥರ ಇಲ್ಲ. ಪರದೆ ಕಪ್ಪಾದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಆಗ ಆ ದೋಷ ಇನ್ನೂ ಎದ್ದು ಕಾಣುತ್ತದೆ ಎಂದು. ಅವತ್ತಿನಿಂದ ನಾನು Desert ಥೀಮ್ ಹಾಕುತ್ತೇನೆ. ಅದು ಕೆನೆ ಬಣ್ಣದ ಹಿನ್ನೆಲೆ, ಮೇಲೆ ಗಾಢ ಅಕ್ಷರ. ಹಳೇ ಪುಸ್ತಕದ ಹಾಳೆ ಇದ್ದ ಹಾಗೆ. ವರ್ಡ್‌ನಲ್ಲಿ ಟೈಪ್ ಮಾಡುವಾಗ ಮಾತ್ರ ಹಾಕುತ್ತೇನೆ. ಪ್ರಿಂಟ್ ತೆಗೆದರೆ ಹಾಳೆ ಬಿಳಿಯಾಗಿಯೇ ಬರುತ್ತದೆ, ಥೀಮ್ ಪ್ರಿಂಟಿಗೆ ಹೋಗುವುದಿಲ್ಲ. ಬಣ್ಣದ ಪತ್ರಿಕೆ ಮಾಡುವಾಗ ರೇಷ್ಮಾ ಹೇಳಿದ ಅದೇ ಮೂರು ಕೀ ಒತ್ತಿ ತೆಗೆಯುತ್ತೇನೆ.

---

ಮಂಜು, ಬಳ್ಳಾರಿ (ಬುಧವಾರ ಸಂಜೆ 6:00)

ಇದನ್ನು ನಾನು ಒಪ್ಪುವುದಿಲ್ಲ ಅಕ್ಕಾ. ನೈಟ್ ಶಿಫ್ಟಿನಲ್ಲಿ ನಾವು ಕೂರುವ ಕೋಣೆಯ ಲೈಟ್ ಕಡಿಮೆ ಇರುತ್ತದೆ. ಅಲ್ಲಿ ಬಿಳಿ ಪರದೆ ಹಾಕಿದರೆ ಮುಖಕ್ಕೆ ಟಾರ್ಚ್ ಹಿಡಿದ ಹಾಗೆ. ನಾವೆಲ್ಲ ಕಪ್ಪೇ ಹಾಕುತ್ತೇವೆ.

---

ರೇಷ್ಮಾ, ರಾಯಚೂರು (ಬುಧವಾರ ರಾತ್ರಿ 8:15)

ನಿಮ್ಮ ಕೋಣೆಗೆ ನಿಮ್ಮದೇ ಸರಿ ಮಂಜು ಅಣ್ಣಾ. ಕೋಣೆ ಕತ್ತಲಿದ್ದರೆ ಕಪ್ಪು ಪರದೆ ಆರಾಮ. ಹಗಲು ಬೆಳಕಿನ ಕೋಣೆಯಲ್ಲಿ ಅದೇ ಕಪ್ಪು ಪರದೆ ಕನ್ನಡಿಯಾಗಿ, ಕಿಟಕಿಯೂ ನಿಮ್ಮ ಮುಖವೂ ಅದರಲ್ಲೇ ಕಾಣುತ್ತವೆ. ನನ್ನ ಮಕ್ಕಳಲ್ಲಿ ಬೆಳಕು ತಡೆಯದವರಿಗೆ ಕಪ್ಪು ಬೇಕೇ ಬೇಕು. ಅದೇ ಬೆಂಚಿನ ಇನ್ನೊಬ್ಬನಿಗೆ ಬಿಳಿ ಬೇಕು.

ಕಪ್ಪು ಬೇಕು, ಆದರೆ ಅಕ್ಷರ ಹರಡಬಾರದು ಎನ್ನುವವರು ಥೀಮ್ ತಾವೇ ತಿದ್ದಿಕೊಳ್ಳಬಹುದು. `Contrast themes` ನಲ್ಲಿ Night sky ಆಯ್ದು `Edit` ಒತ್ತಿ. `Background` ಗೆ ಪೂರ್ತಿ ಕಪ್ಪಿನ ಬದಲು ಗಾಢ ಬೂದು, `Text` ಗೆ ಬೆಳ್ಳಗಿನ ಬಿಳಿಯ ಬದಲು ಕೆನೆ ಬಣ್ಣ ಕೊಡಿ. ನಾನು ಕೊಡುವುದು ಇವು:

```
Background  #1F1F1F
Text        #E8DFC8
```

ಬೇರೆ ಹೆಸರಿನಲ್ಲಿ ಉಳಿಸಿ, ಆಮೇಲೆ `Apply`. ಒಂದು ಎಚ್ಚರಿಕೆ. ಎಲ್ಲ ಸಾಫ್ಟ್‌ವೇರೂ ಥೀಮ್‌ನ ಮಾತು ಕೇಳುವುದಿಲ್ಲ. ಕೆಲವು ತಮ್ಮದೇ ಬಣ್ಣ ಬಿಡುವುದಿಲ್ಲ, ಕೆಲವು ಅರ್ಧ ಕೇಳಿ ಗುಂಡಿಯ ಮೇಲಿನ ಅಕ್ಷರವನ್ನೇ ನುಂಗಿಬಿಡುತ್ತವೆ. ದುಡ್ಡಿನ ಕೆಲಸ ಮಾಡುವ ಮೊದಲು ಒಮ್ಮೆ ನೋಡಿಕೊಳ್ಳಿ.

ಶರಣು ಅಣ್ಣಾ, ನಿಮಗೆ ಥೀಮ್ ಬೇಕಾಗಿಲ್ಲ. ನೀವು ಮಾಡಬೇಕಾದ್ದು ಹಾಳೆ ಪರೀಕ್ಷೆ. ಮೊದಲು ನೈಟ್ ಲೈಟ್ ಆಫ್ ಮಾಡಿ. ಬೆಳಿಗ್ಗೆ 11ಕ್ಕೆ ನೋಟ್‌ಪ್ಯಾಡ್ ತೆರೆದು ಖಾಲಿ ಬಿಳಿ ಪುಟವನ್ನು ಪರದೆ ತುಂಬಾ ಮಾಡಿ. ಪಕ್ಕದಲ್ಲಿ ಒಂದು ಬಿಳಿ ಎ4 ಹಾಳೆ ಹಿಡಿಯಿರಿ. ಪರದೆ ಹಾಳೆಗಿಂತ ದೀಪದ ಹಾಗೆ ಹೊಳೆದರೆ ಬ್ರೈಟ್‌ನೆಸ್ ಜಾಸ್ತಿ. ಬೂದಿ ಬಣ್ಣವಾಗಿ ಕಂಡರೆ ಕಡಿಮೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವ ತನಕ ಮಾನಿಟರ್‌ನ ಗುಂಡಿಯಿಂದಲೇ ಇಳಿಸಿ. ಡೆಸ್ಕ್‌ಟಾಪ್ ಮಾನಿಟರ್‌ಗೆ ವಿಂಡೋಸ್‌ನಲ್ಲಿ ಆ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೇ ನಿಮಗೆ ಸಿಗಲಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಇನ್ನೊಮ್ಮೆ ಮಾಡಿ. ಎರಡು ಸಂಖ್ಯೆ ಸಿಗುತ್ತವೆ, ಬರೆದಿಟ್ಟುಕೊಳ್ಳಿ.

ಬ್ರೈಟ್‌ನೆಸ್ ತೀರಾ ಇಳಿಸಿದಾಗ ಕೆಲವು ಮಾನಿಟರ್ ಮಿಣುಕುತ್ತವೆ, ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ಬಿಳಿ ಪರದೆ ಮುಂದೆ ಪೆನ್ಸಿಲ್ ಅನ್ನು ಬೇಗ ಬೇಗ ಬೀಸಿ. ಒಂದೇ ಮಸುಕು ಪಟ್ಟಿ ಕಂಡರೆ ಸರಿ. ಬಿಡಿ ಬಿಡಿಯಾಗಿ ಐದಾರು ಪೆನ್ಸಿಲ್ ಕಂಡರೆ ಮಿಣುಕುತ್ತಿದೆ. ಆಗ ಬ್ರೈಟ್‌ನೆಸ್ ಸ್ವಲ್ಪ ಏರಿಸಿ.

ಮರಳು ಬಿದ್ದ ಹಾಗೆ ಚುಚ್ಚುವುದು ಮಾತ್ರ ಯಾವ ಸೆಟ್ಟಿಂಗ್‌ನಿಂದಲೂ ಹೋಗುವುದಿಲ್ಲ. ಅದು ಕಣ್ಣು ಒಣಗಿದ್ದು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಕೂಲರ್ ಗಾಳಿ ನೇರ ಮುಖಕ್ಕೆ. ಕೂಲರ್ ಅನ್ನು ಬೆನ್ನಿಗೆ ತಿರುಗಿಸಿ.

---

ಆಪ್ಟಿಕಲ್ ಅಂಗಡಿ, ರಾಯಚೂರು (ಬುಧವಾರ ರಾತ್ರಿ 9:00)

ಬೈಫೋಕಲ್ ಎಂದು ಓದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಳಗಿನ ಅರ್ಧಚಂದ್ರ ಪೇಪರ್ ಓದುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್‌ಗೆ ಮಾಡಿರುತ್ತದೆ. ಮಾನಿಟರ್ ಇರುವುದು 60, 65ರಲ್ಲಿ. ಮೇಲಿನ ಗಾಜಿನಿಂದ ನೋಡಿದರೂ, ಕೆಳಗಿನದರಿಂದ ನೋಡಿದರೂ ಮಸುಕಾಗಿ ಕಾಣಬಹುದು. ಜೊತೆಗೆ ಕೆಳಗಿನ ಗಾಜಿನಿಂದ ಪರದೆ ನೋಡಬೇಕೆಂದರೆ ಗದ್ದ ಮೇಲೆತ್ತಬೇಕು. ಸಂಜೆ ಹೊತ್ತಿಗೆ ಕತ್ತು, ಹಣೆ ನೋವು ಬರುತ್ತದೆ. ನೀವು ಗದ್ದ ಎತ್ತುತ್ತೀರಾ ಎಂದು ಪಕ್ಕದವರನ್ನು ಕೇಳಿ. ಕಣ್ಣಿನಿಂದ ಪರದೆಗೆ ಟೇಪ್ ಹಿಡಿದು ಅಳೆದು, ಆ ಅಳತೆ ಡಾಕ್ಟರ್‌ಗೆ ಕೊಡಿ. ಬರೀ ಆ ದೂರಕ್ಕೆ ಒಂದು ಸಿಂಗಲ್ ಕನ್ನಡಕ ಬರೆದುಕೊಡುತ್ತಾರೆ.

---

ಶರಣು, ಗಂಗಾವತಿ (ಹನ್ನೆರಡು ದಿನದ ನಂತರ, ಸೋಮವಾರ ರಾತ್ರಿ 9:15)

ತಡವಾಗಿ ಬರೆಯುತ್ತಿದ್ದೇನೆ, ಎಲ್ಲ ಮಾಡಿ ನೋಡಿ ಹೇಳೋಣ ಎಂದು.

ಮೊದಲು ಹಳದಿ ಸಾಲು. ಅಕ್ಕ ಹೇಳಿದ ಹಾಗೆ ಎಕ್ಸೆಲ್ ತೆರೆದು `Strength` ಇಳಿಸುತ್ತಾ ಬಂದೆ. 60ರ ಹತ್ತಿರ ಹಳದಿ ಸುಳಿವು ಕೊಟ್ಟಿತು, 35ರಲ್ಲಿ ಚೆನ್ನಾಗಿ ಬೇರೆಯಾಯಿತು. ಇಷ್ಟು ದಿನ ನಾನು ಬಾಕಿ ಸಾಲನ್ನು ಅಂದಾಜಿನಲ್ಲಿ ಹುಡುಕುತ್ತಿದ್ದೆ ಎಂದು ಆಗ ಗೊತ್ತಾಯಿತು. ಈಗ ಹಗಲು ನೈಟ್ ಲೈಟ್ ಇಲ್ಲ. `Set hours` ನಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರ ತನಕ, 30ರಲ್ಲಿ. "ಬಾಕಿ" ಕಾಲಮ್ ಕೂಡ ಹಾಕಿದೆ. 212 ಸಾಲು, ಎರಡು ಸಂಜೆ ಹಿಡಿಯಿತು. ಮಾಲೀಕರು ನೋಡಿ, ಇದು ಮೊದಲೇ ಇರಬೇಕಿತ್ತು ಎಂದರು.

ಹಾಳೆ ಪರೀಕ್ಷೆ ಮಾಡಿದೆ. ಬ್ರೈಟ್‌ನೆಸ್ 100 ಇದ್ದದ್ದು ಹಗಲಿಗೆ 40, ರಾತ್ರಿಗೆ 22ಕ್ಕೆ ಬಂತು. ಮೊದಲ ದಿನ ಪರದೆ ಸತ್ತ ಹಾಗೆ ಅನ್ನಿಸಿತು. ಮೂರನೇ ದಿನ ಯಾರೋ 100ಕ್ಕೆ ಏರಿಸಿದ್ದರು, ನೋಡಲಾಗಲಿಲ್ಲ. 22ರಲ್ಲಿ ಪೆನ್ಸಿಲ್ ಬೀಸಿದೆ, ಒಂದೇ ಪಟ್ಟಿ ಕಂಡಿತು.

ಟೇಬಲ್ ತಿರುಗಿಸಿದೆ, ಕಿಟಕಿ ಈಗ ಬಲಗಡೆ. ಕೂಲರ್ ಬೆನ್ನಿಗೆ. ನಾಲ್ಕು ದಿನದಲ್ಲಿ ಮರಳು ಚುಚ್ಚುವುದು ಮುಕ್ಕಾಲು ಪಾಲು ಹೋಯಿತು. ಮಿಲ್ ಓಡುವ ದಿನ ಮಾತ್ರ ಇನ್ನೂ ಇದೆ. ಆ ದಿನ ತೌಡಿನ ಧೂಳು ಆಫೀಸಿನ ಒಳಗೂ ಬರುತ್ತದೆ, ಕೀಬೋರ್ಡ್ ಮೇಲೆ ಬೆರಳಲ್ಲಿ ಗೆರೆ ಎಳೆಯಬಹುದು.

ಹಣೆ ನೋವು ಹೋಗಿಲ್ಲ. ನಮ್ಮ ಹಮಾಲಿ ಮೇಸ್ತ್ರಿಯನ್ನು ಕೇಳಿದೆ. ನೀವು ಯಾವಾಗಲೂ ಚಾವಣಿ ನೋಡಿಕೊಂಡೇ ಟೈಪ್ ಮಾಡುತ್ತೀರಿ ಎಂದರು! ಟೇಪ್ ಹಿಡಿದೆ, 68 ಸೆಂಟಿಮೀಟರ್. ಚೀಟಿಯಲ್ಲಿ ಬರೆದುಕೊಂಡು ಶನಿವಾರ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿದ್ದೆ, ಹೊಸ ಕನ್ನಡಕ ಗುರುವಾರ ಬರುತ್ತದೆ. ಅಲ್ಲಿಯ ತನಕ ಎಂದು `Settings > System > Display` ನಲ್ಲಿ `Scale` 125% ಮಾಡಿದ್ದೇನೆ. ಅಕ್ಷರ ದೊಡ್ಡದಾಗಿ, ಮುಂದೆ ಬಾಗುವುದು ಕಡಿಮೆ ಆಗಿದೆ.

---

ರೇಷ್ಮಾ, ರಾಯಚೂರು (ಸೋಮವಾರ ರಾತ್ರಿ 9:50)

ಓದಿ ತುಂಬಾ ಖುಷಿ ಆಯಿತು ಅಣ್ಣಾ. ಧೂಳಿನದ್ದು ಡಾಕ್ಟರ್‌ಗೂ ಹೇಳಿದಿರಾ? ಅಲರ್ಜಿ ಇದ್ದರೆ ಅದಕ್ಕೆ ಬೇರೆ ಹನಿ ಬೇಕಾಗುತ್ತದೆ. ಮೆಡಿಕಲ್‌ನಲ್ಲಿ ಕೇಳಿ ಯಾವುದೋ ಒಂದು ಹನಿ ತಂದು ಹಾಕಿಕೊಳ್ಳಬೇಡಿ, ಕಣ್ಣು ಕೆಂಪಾಗಿದ್ದು ಇಳಿಸುವ ಹನಿಗಳಿಂದ ಮುಂದೆ ಕೆಂಪು ಇನ್ನೂ ಜಾಸ್ತಿ ಆಗಬಹುದು.

---

ಶರಣು, ಗಂಗಾವತಿ (ಸೋಮವಾರ ರಾತ್ರಿ 9:58)

ಹೇಳಿಲ್ಲ ಅಕ್ಕಾ, ಪರದೆಯ ಗುಂಗಿನಲ್ಲಿ ಧೂಳು ಮರೆತೇಹೋಯಿತು. ಗುರುವಾರ ಕನ್ನಡಕಕ್ಕೆ ಹೋದಾಗ ಕೇಳುತ್ತೇನೆ.

---

ಮಂಜು, ಬಳ್ಳಾರಿ (ಸೋಮವಾರ ರಾತ್ರಿ 10:30)

ನಾನೂ ಹಾಳೆ ಪರೀಕ್ಷೆ ಮಾಡಿದೆ. ನಮ್ಮ ಕೋಣೆಯಲ್ಲಿ ಹಾಳೆಯೇ ಸರಿಯಾಗಿ ಕಾಣುವುದಿಲ್ಲ, ಅಷ್ಟು ಕತ್ತಲು. ಪರದೆ 10ಕ್ಕೆ ಇಳಿಸಿದರೂ ಹಾಳೆಗಿಂತ ಹೊಳೆಯುತ್ತದೆ. ಹಾಗಾದರೆ ಪರದೆ ಇಳಿಸುವುದೋ, ಲೈಟ್ ಏರಿಸುವುದೋ?

---

ರೇಷ್ಮಾ, ರಾಯಚೂರು (ಸೋಮವಾರ ರಾತ್ರಿ 10:41)

ಲೈಟ್ ಏರಿಸಿ. ಪರದೆಯ ಹಿಂದಿನ ಗೋಡೆಗೆ ಬೆಳಕು ಬೀಳುವ ಹಾಗೆ ಒಂದು ಸಣ್ಣ ಬಲ್ಬ್ ಸಾಕು, ಕಣ್ಣಿಗೆ ನೇರ ಕಾಣಬಾರದು. ಶಿಫ್ಟಿನ ಇನ್ನೊಬ್ಬರು ಒಪ್ಪುತ್ತಾರೋ ಕೇಳಿ ನೋಡಿ.